ಹೊರಗಿನಿಂದ ತಂದ ರಕ್ತ, ಪ್ಲಾಸ್ಮಾದ 8,600 ರೂಪಾಯಿ ಕ್ಲೇಮ್ ತಿರಸ್ಕಾರ ಆಗೇತಿ. ದಾರಿ ಐತೇನ್ರಿ?

ರೋಣದ ಮಲ್ಲು
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಅಪ್ಪಾರಿಗೆ 61 ವರ್ಷ. ಹೃದಯದ ವಾಲ್ವ್ ಹಾಕಿಸಿ ಒಂಬತ್ತು ವರ್ಷ ಆತು, ಆವಾಗಿಂದ ರಕ್ತ ತೆಳುವು ಮಾಡೋ ಗುಳಿಗಿ ತಗೋತಾರ. ಹೋದ ತಿಂಗಳ ಮೊಣಕಾಲ ನೋವು ಅಂತ ಅಂಗಡ್ಯಾಗ ಕೇಳಿ ನೋವಿನ ಗುಳಿಗಿ ತಂದು ನಾಕೈದು ದಿನ ನುಂಗ್ಯಾರ, ನಮಗ ಹೇಳೇ ಇಲ್ಲ. ಒಂದಿನ ಮುಂಜಾನೆ ಮಲ ಡಾಂಬರಿನಂಗ ಕರ್ರಗ ಹೋತು, ಎದ್ದು ನಿಂತವ್ರು ಅಲ್ಲೇ ಕುಸಿದ್ರು. ಗದಗಿನಾಗ ನೋಡಿ ಹುಬ್ಬಳ್ಳಿಗೆ ಕಳಿಸಿದ್ರು. ಹಿಮೋಗ್ಲೋಬಿನ್ 5.8, ರಕ್ತ ಎಷ್ಟು ತೆಳುವಾಗೇತಿ ಅಂತ ತೋರಿಸೋ ಐಎನ್‌ಆರ್ 7.4.

ಆಸ್ಪತ್ರೆಯೊಳಗ ರಕ್ತನಿಧಿ ಇರ್ಲಿಲ್ಲ. ಚೀಟಿ ಬರದು ಕೊಟ್ಟು "ತಗೊಂಡ್ ಬರ್ರಿ" ಅಂದ್ರು. ರಾತ್ರಿ ಹನ್ನೊಂದಕ್ಕ ನನ್ನ ತಮ್ಮ ಆಟೋದಾಗ ಥರ್ಮಾಕೋಲ್ ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು ಹೋಗಿ ಬಂದ. ಮೊದಲನೇ ಸಲ ಎರಡು ಚೀಲ ಕೆಂಪು ರಕ್ತ, ನಾಕು ಪ್ಲಾಸ್ಮಾ: 4,700 ರೂಪಾಯಿ. ಮರುದಿನ ಮತ್ತೆರಡು ಕೆಂಪು ರಕ್ತ: 3,100. ಸಂಜಿಗೆ ಇನ್ನೆರಡು ಪ್ಲಾಸ್ಮಾ: 800. ಒಟ್ಟು 8,600, ಎಲ್ಲಾ ಫೋನಿನಾಗ ಕಟ್ಟಿದ್ದು. ಎಂಡೋಸ್ಕೋಪಿ ಮಾಡಿ ಹುಣ್ಣಿನ ರಕ್ತ ನಿಲ್ಲಿಸಿದ್ರು, ಐದನೇ ದಿನ ಮನಿಗೆ ಬಂದ್ವಿ. ಈಗ ಅಪ್ಪ ಆರಾಮ ಅದಾರ.

ಆಸ್ಪತ್ರೆ ಬಿಲ್ 1,12,400 ಕ್ಯಾಶ್‌ಲೆಸ್ ಆತು, ಸಣ್ಣಪುಟ್ಟ ಕಟ್ ಮಾಡ್ಯಾರ. ರಕ್ತದ ಮೂರು ರಸೀದಿ ಆಮ್ಯಾಲ ಕಳಿಸಿದ್ದಕ್ಕ ಬಂದ ಉತ್ತರ: "ಆಸ್ಪತ್ರೆಯ ಅಂತಿಮ ಬಿಲ್ಲಿನಲ್ಲಿ ಈ ವೆಚ್ಚ ಇಲ್ಲ, ದೇಣಿಗೆ ಪಾವತಿಗೆ ಅವಕಾಶವಿಲ್ಲ." ಇಲ್ಲಿಗೆ ಬಿಟ್ಟುಬಿಡೋದಾ? ಡಿಸ್ಚಾರ್ಜ್ ಆಗಿ 18 ದಿನ ಆಗೇತಿ.

ಮುಳಗುಂದ ನಾಕಾ
ಮಲ್ಲಣ್ಣಾ, ರಕ್ತ ಮಾರೋದು ಕಾನೂನು ಪ್ರಕಾರ ತಪ್ಪು. ಸುಪ್ರೀಂ ಕೋರ್ಟ್ 1996ರಾಗ ಹೇಳೇತಿ. ಅಂದಮ್ಯಾಲ ನಿಮ್ಮ ಕಡೆಯಿಂದ ರೊಕ್ಕ ತಗೊಂಡದ್ದೇ ತಪ್ಪು, ಇನ್ಶೂರೆನ್ಸ್‌ನವ್ರು ಅದಕ್ಕ ಕೊಡಾಂಗಿಲ್ಲ. ಮೊದಲು ರಕ್ತನಿಧಿ ಮ್ಯಾಲ ದೂರು ಕೊಡ್ರಿ, ರೊಕ್ಕ ವಾಪಸ್ ಬರ್ತದ.

ಕಲಘಟಗಿ ಕಿರಣ
ಯಾವ ಗುಂಪು ಬೇಕ್ರಿ? ನಂದು ಓ ಪಾಸಿಟಿವ್, ಕೊಟ್ಟು ನಾಕು ತಿಂಗಳ ಆತು. ಹುಬ್ಬಳ್ಳಿ ಎಲ್ಲೇ ಇರ್ಲಿ, ಒಂದು ತಾಸಿನಾಗ ಬರ್ತೀನಿ. ನಂಬರ್ ಕಳಿಸ್ರಿ.

ರೋಣದ ಮಲ್ಲು
ಕಿರಣ, ನಿಮ್ಮ ಮನಸ್ಸು ದೊಡ್ಡದು. ಅಪ್ಪಾರಿಗೆ ರಕ್ತ ಆಗಲೇ ಕೊಟ್ಟಾಗೇತ್ರಿ, ಈಗಿರೋದು ರೊಕ್ಕದ ತಕರಾರು.

ಧಾರವಾಡ ಲ್ಯಾಬಿನ ಅಕ್ಕ
ನಾನು ರಕ್ತ ಕೇಂದ್ರದಲ್ಲಿ ಹದಿನಾಲ್ಕು ವರ್ಷದಿಂದ ಟೆಕ್ನಿಷಿಯನ್. ಮುಳಗುಂದ ನಾಕಾ ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ರಕ್ತ ಮಾರೋ ಹಾಗಿಲ್ಲ, ರೊಕ್ಕ ತಗೊಂಡು ರಕ್ತ ಕೊಡೋರನ್ನ 1998ರ ಜನವರಿ 1ರಿಂದ ನಿಲ್ಲಿಸಿದ್ದಾರೆ. ಆದರೆ ದಾನಿಯ ಕೈಯಿಂದ ಬಂದ ಚೀಲ ಹಾಗೇ ರೋಗಿಗೆ ಹೋಗಲ್ಲ. ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮಾಡಬೇಕು. ಚೀಲವನ್ನ ಯಂತ್ರದಲ್ಲಿ ತಿರುಗಿಸಿ ಕೆಂಪು ಕಣ, ಪ್ಲಾಸ್ಮಾ ಬೇರೆ ಮಾಡಬೇಕು. ಆಮೇಲೆ ಒಂದನ್ನ ಫ್ರಿಜ್ಜಿನಲ್ಲಿ, ಇನ್ನೊಂದನ್ನ ಮೈನಸ್ 30ರ ಆಸುಪಾಸು ಇಡಬೇಕು. ಆ ಖರ್ಚಿಗೆ ಸಂಸ್ಕರಣಾ ಶುಲ್ಕ ಅಂತ ತಗೊಳ್ಳಬಹುದು. ಕೇಂದ್ರದ ಔಷಧ ನಿಯಂತ್ರಕರು ಎಲ್ಲಾ ರಾಜ್ಯಗಳಿಗೂ ಪತ್ರ ಬರೆದು ಅದನ್ನೇ ಹೇಳಿದ್ದಾರೆ: ರಕ್ತ ಮಾರಾಟಕ್ಕಲ್ಲ, ಸಂಸ್ಕರಣಾ ಶುಲ್ಕ ಮಾತ್ರ. ಯಾವ ಅಂಶ ಅನ್ನೋದರ ಮೇಲೆ 250ರಿಂದ 1,550 ರೂಪಾಯಿವರೆಗೆ.

ಮಲ್ಲಣ್ಣ, ನಿಮ್ಮ ಲೆಕ್ಕ ಹಾಕಿ ನೋಡಿದೆ. ಕೆಂಪು ರಕ್ತ ಚೀಲಕ್ಕೆ 1,550, ಪ್ಲಾಸ್ಮಾ 400. ನಾಲ್ಕು ಚೀಲಕ್ಕೆ 6,200, ಆರು ಪ್ಲಾಸ್ಮಾಕ್ಕೆ 2,400. ಒಂದು ರೂಪಾಯಿ ಹೆಚ್ಚು ತಗೊಂಡಿಲ್ಲ. ಹಾಗಾದರೆ "ದೇಣಿಗೆ" ಅನ್ನೋ ಮಾತು ಎಲ್ಲಿಂದ ಬಂತು? ರಸೀದಿ ಮೇಲೆ ಏನಿದೆ, ಅಕ್ಷರ ಬಿಡದೆ ಓದಿ ಹೇಳಿ.

ರೋಣದ ಮಲ್ಲು
ತಗದು ನೋಡಿದ್ನಿ ಅಕ್ಕಾರ. ಮೊದಲನೇದು ಅಪ್ಪನ ಹೆಸರಲ್ಲೇ ಐತಿ, "ಸಂಸ್ಕರಣಾ ಶುಲ್ಕ" ಅಂತೈತಿ, ಕೆಳಗ ಚೀಲದ ನಂಬರ್ ಅದಾವು. ಎರಡನೇದು ತಮ್ಮನ ಹೆಸರಿನಾಗ ಐತಿ, "ದೇಣಿಗೆ ರೂ. 3,100" ಅಂತ ಕೈಯಿಂದ ಬರದಾರ, ನಂಬರ್ ಇಲ್ಲ. ಮೂರನೇದು ಸರಿ ಐತಿ, ಆದ್ರ ಆ ಎರಡು ಪ್ಲಾಸ್ಮಾ ಕೊಡ್ಲಿಲ್ಲರಿ. ತರೂದ್ರಾಗ ಐಎನ್‌ಆರ್ 1.6ಕ್ಕ ಇಳಿದಿತ್ತು, ಡಾಕ್ಟರ್ ಬ್ಯಾಡ ಅಂದ್ರು.

ವಿದ್ಯಾನಗರ ಕಾಕಾ
ಈಗ ವಿಷಯ ಬಯಲಾತು. ನಾನು ವಿಮೆ ಕಂಪನಿ ಪರವಾಗಿ ಕ್ಲೇಮ್ ಪರಿಶೀಲಿಸೋ ಟಿಪಿಎ ಕಚೇರಿಯೊಳಗ ಹನ್ನೊಂದು ವರ್ಷ ಕ್ಲೇಮ್ ನೋಡೀನಿ, ಈಗ ನಿವೃತ್ತಿ. ನಿಮ್ಮ 8,600 ಒಂದು ಗಂಟಲ್ಲ, ಮೂರು ಬ್ಯಾರೆ ಬ್ಯಾರೆ ಪ್ರಶ್ನೆ. ಒಂದೊಂದಾಗಿ ಬಿಡಿಸೂಣು.

ಮೊದಲು ಬುನಾದಿ. ನಿಮ್ಮ ಪಾಲಿಸಿ ಪುಸ್ತಕದಾಗ ಒಳರೋಗಿ ಚಿಕಿತ್ಸೆ ಅನ್ನೋ ಭಾಗ ತಗೀರಿ. ಅರಿವಳಿಕೆ, ರಕ್ತ, ಆಮ್ಲಜನಕ, ಶಸ್ತ್ರಚಿಕಿತ್ಸಾ ಕೊಠಡಿ ಅಂತ ಒಂದೇ ಸಾಲಿನಾಗ ಇರ್ತದ. ಆರೋಗ್ಯ ಸಂಜೀವನಿ ಪಾಲಿಸಿಯೊಳಗ "ರಕ್ತ" ಅನ್ನೋ ಪದ ಸ್ಪಷ್ಟ ಐತಿ, ಬಾಕಿ ಪಾಲಿಸಿಯೊಳಗೂ ಬಹುತೇಕ ಹಂಗೇ. ಅಂದ್ರ ರಕ್ತ ಕೊಡೂದಿಲ್ಲ ಅನ್ನೋ ನಿಯಮ ಇಲ್ಲ. ಆಸ್ಪತ್ರೆ ಬಿಲ್ಲಿನಾಗ ಇಲ್ಲ ಅನ್ನೋದು ತಿರಸ್ಕಾರಕ್ಕ ಸಾಕಾಗೋ ಕಾರಣನೂ ಅಲ್ಲ. ಒಳಗ ಇದ್ದಾಗ ಡಾಕ್ಟರ್ ಚೀಟಿ ಮ್ಯಾಲ ಹೊರಗಿನ ಅಂಗಡಿಯಿಂದ ಔಷಧ ತಂದ್ರ ಕೊಡ್ತಾರಲ್ಲ, ಅದರಂಗನ ಇದು. ಅದೇ ದಾಖಲಾತಿಯ ಬಾಕಿ ವೆಚ್ಚ ಅಂತ ಪೂರಕ ಕ್ಲೇಮ್ ಹಾಕಬೇಕು.

ಆದ್ರ ಕ್ಲೇಮ್ ನೋಡೋ ಡಾಕ್ಟರ್ ಮುಂದ ಇರೋದು ಕಾಗದ ಅಷ್ಟ. ಅವನು ಕೇಳೋದು ಒಂದೇ: ಈ ರೊಕ್ಕ ಕೊಟ್ಟು ತಂದ ಚೀಲ ಈ ರೋಗಿಯ ಮೈಯಾಗ ಹೋತಾ? ಅದನ್ನ ತೋರಿಸೋದು ಚೀಲದ ನಂಬರ್. ಆಸ್ಪತ್ರೆ ಡಾಕ್ಟರ್ ಬರದ ರಕ್ತದ ಬೇಡಿಕೆ ಚೀಟಿ, ಚೀಲದ ರಕ್ತ ರೋಗಿ ರಕ್ತಕ್ಕ ಹೊಂದ್ತದಾ ಅಂತ ನೋಡಿದ ರಕ್ತನಿಧಿಯ ಕ್ರಾಸ್‌ಮ್ಯಾಚ್ ವರದಿ, ರಸೀದಿ, ಆಮ್ಯಾಲ ವಾರ್ಡಿನ ಕೇಸ್ ಶೀಟಿನಾಗ ಸಿಸ್ಟರ್ ಬರದ ಟಿಪ್ಪಣಿ. ಬೇಡಿಕೆ ಚೀಟಿಯೊಳಗ ಎಷ್ಟು ಚೀಲ ಬೇಕು ಅಂತ ಇರ್ತದ, ಉಳಿದ ಮೂರರಾಗ ಅದೇ ನಂಬರ್ ಬರ್ಬೇಕು. ನಿಮ್ಮ ಮೊದಲನೇ ರಸೀದಿಗೆ ಇದೆಲ್ಲಾ ಸಿಗ್ತದ. ಆ 4,700 ಬರಲೇಬೇಕು.

ಎರಡನೇದು ದೊಡ್ಡ ತೊಡಕು. "ದೇಣಿಗೆ" ಅಂತ ಬರದ್ರ ಅದು ಚಿಕಿತ್ಸೆಯ ವೆಚ್ಚ ಅಲ್ಲ, ನೀವು ಧರ್ಮಕ್ಕ ಕೊಟ್ಟದ್ದು ಅಂತ ಆಗ್ತದ. ಮ್ಯಾಲ ಹೆಸರು ತಮ್ಮಂದು. ಇದನ್ನ ವಾದ ಮಾಡಿ ಗೆಲ್ಲೋಕಾಗೂದಿಲ್ಲ, ರಸೀದಿ ಬದಲಿಸಿಕೊಂಡು ಬರ್ಬೇಕು.

ಧಾರವಾಡ ಲ್ಯಾಬಿನ ಅಕ್ಕ
ಬದಲಿಸಿಕೊಡ್ತಾರೆ, ಹೆದರಬೇಡಿ. ಯಾವ ಚೀಲ ಯಾವ ದಿನ ಯಾವ ರೋಗಿಗೆ ಹೋಯಿತು ಅನ್ನೋದನ್ನ ವಿತರಣಾ ರಿಜಿಸ್ಟರಿನಲ್ಲಿ ಬರೆಯಲೇಬೇಕು, ಅದನ್ನ ಐದು ವರ್ಷ ಇಡಬೇಕು. ಅಲ್ಲಿ ರೋಗಿ ಹೆಸರು ನಿಮ್ಮ ತಂದೆಯದೇ ಇರುತ್ತೆ, ಯಾಕಂದರೆ ಕ್ರಾಸ್‌ಮ್ಯಾಚ್ ಮಾಡಿದ್ದು ಅವರ ರಕ್ತದ ಮಾದರಿಗೆ. ರಾತ್ರಿ ಪಾಳಿಯಲ್ಲಿ ಕಂಪ್ಯೂಟರ್ ಕೆಟ್ಟಾಗ ಕೈಗೆ ಸಿಕ್ಕ ರಸೀದಿ ಪುಸ್ತಕ ಹರಿದು ಕೊಡೋದನ್ನ ನಾನೇ ಕಣ್ಣಾರೆ ನೋಡಿದ್ದೀನಿ. ಅದು ತಪ್ಪು, ಅದರಿಂದ ಎಷ್ಟು ಮನೆಯವರಿಗೆ ನಷ್ಟ ಆಗಿದೆಯೋ ಅಂತ ನೆನೆದರೆ ಬೇಜಾರಾಗುತ್ತೆ. ಹಳೆ ರಸೀದಿ, ಫೋನಿನ ಪಾವತಿ ವಿವರ ತಗೊಂಡು ಹಗಲು ಹೊತ್ತಲ್ಲಿ ಹೋಗಿ ವೈದ್ಯಾಧಿಕಾರಿಯನ್ನ ಭೇಟಿ ಮಾಡಿ.

ಹಾನಗಲ್ಲಿನ ತಾಯಿ
ನನ್ನ ಮಗನಿಗೆ ಥಲಸ್ಸೀಮಿಯಾ ಇದೆ, ಏಳು ವರ್ಷ. ಮೂರು ವಾರಕ್ಕೊಮ್ಮೆ ಹಾವೇರಿಗೆ ಕರೆದುಕೊಂಡು ಹೋಗಿ ರಕ್ತ ಕೊಡಿಸ್ತೀವಿ. ಸರ್ಕಾರಿ ರಕ್ತ ಕೇಂದ್ರದಲ್ಲಿ ಇಂಥ ಮಕ್ಕಳಿಗೆ ಶುಲ್ಕ ಇಲ್ಲ. ಅವನ ಗುಂಪು ಸಿಗದ ದಿನ ಹುಬ್ಬಳ್ಳಿಗೆ ಓಡಬೇಕು, ಅಲ್ಲಿ ಖಾಸಗಿಯಲ್ಲಿ ದುಡ್ಡು ಕಟ್ಟಬೇಕು. ಮುಂಜಾನೆ ಹೋಗಿ ಸಂಜೆ ಬರ್ತೀವಿ. ನಮ್ಮ ಯಜಮಾನರ ಕಂಪನಿ ವಿಮೆಯಲ್ಲಿ ಕೇಳಿದರೆ 24 ತಾಸು ಇದ್ದಿಲ್ಲ ಅಂತಾರೆ. ಕಾಕಾ, ನಮಗೂ ಈ ಚೀಲದ ನಂಬರಿನ ದಾರಿ ಆಗುತ್ತಾ?

ವಿದ್ಯಾನಗರ ಕಾಕಾ
ತಂಗೀ, ನಿನ್ನ ತೊಡಕು ಕಾಗದದ್ದಲ್ಲ, ಹಂಗಾಗಿ ನಂಬರ್ ತೋರಿಸಿದ್ರ ಬಗಿಹರ್ಯೂದಿಲ್ಲ. ಒಂದು ದಿನದೊಳಗ ಮುಗಿಯೋ ಚಿಕಿತ್ಸೆಗೆ ಪಾಲಿಸಿಯೊಳಗ ಡೇ ಕೇರ್ ಪಟ್ಟಿ ಇರ್ತದ. ಬರೀ ರಕ್ತ ಕೊಡೋದು ಬಹಳ ಕಡೆ ಅದರಾಗ ಇರೂದಿಲ್ಲ. ಕಂಪನಿ ಗುಂಪು ವಿಮೆ ಅಂದ್ರ ಷರತ್ತು ಕಂಪನಿಯವ್ರು ಮಾತಾಡಿ ಬರಸ್ತಾರ. ನಿಮ್ಮ ಯಜಮಾನ್ರು ಅಲ್ಲಿಯ ಎಚ್‌ಆರ್ ಕಡೆ ಹೋಗಿ, ಮುಂದಿನ ನವೀಕರಣದಾಗ ಥಲಸ್ಸೀಮಿಯಾ ರಕ್ತ ವರ್ಗಾವಣೆಯನ್ನ ಡೇ ಕೇರ್ ಅಂತ ಸೇರಸ್ರಿ ಅಂತ ಬರದು ಕೇಳ್ಲಿ. ಅಂಥ ಸೇರ್ಪಡೆ ಮಾಡಿದ್ದನ್ನ ನಾನು ನೋಡೀನಿ. ಈ ವರ್ಷದ ರೊಕ್ಕ ಬರೋದು ಕಷ್ಟ ಐತವ್ವಾ.

ಹಾನಗಲ್ಲಿನ ತಾಯಿ
ಆಗಲಿ ಕಾಕಾ. ನವೀಕರಣ ಏಪ್ರಿಲ್‌ನಲ್ಲಿ, ಇವತ್ತೇ ಅವರಿಗೆ ಹೇಳ್ತೀನಿ.

ಮುಳಗುಂದ ನಾಕಾ
ನನಗ ಸಂಸ್ಕರಣಾ ಶುಲ್ಕದ್ದು ಗೊತ್ತಿರ್ಲಿಲ್ರಿ, ತಿಳಿಸಿದ್ದು ಚಲೋ ಆತು. ಇನ್ನೊಂದು ಕೇಳ್ತೀನಿ. ಮಲ್ಲಣ್ಣಾರು ರೋಣದಿಂದ ದಾನಿ ಕರ್ಕೊಂಡು ಹೋಗಿದ್ರಾ? ದಾನಿ ಕೊಟ್ರ ರೊಕ್ಕ ಇಲ್ಲ ಅಂತ ನಮ್ಮ ಕಡೆ ಎಲ್ಲಾರೂ ತಿಳಕೊಂಡಾರ.

ರೋಣದ ಮಲ್ಲು
ಹೌದ್ರಿ, ನಾಕು ಹುಡುಗ್ರನ್ನ ಕ್ರೂಸರ್ ಮಾಡಿ ಕರ್ಕೊಂಡು ಹೋದ್ವಿ, ಗಾಡಿ ಬಾಡಿಗಿನೇ 3,500. ಒಬ್ಬಂದು ಹಿಮೋಗ್ಲೋಬಿನ್ ಕಡಿಮಿ ಅಂತ ತಗೋಲಿಲ್ಲ, ಮೂವರು ಕೊಟ್ರು. ಆದ್ರೂ ಶುಲ್ಕ ಪೂರ್ತಿ ತಗೊಂಡ್ರು.

ಧಾರವಾಡ ಲ್ಯಾಬಿನ ಅಕ್ಕ
ಆ ಮೂವರು ಕೊಟ್ಟ ರಕ್ತ ನಿಮ್ಮ ತಂದೆಗೆ ಹೋಗಿಲ್ಲ. ಅದು ಪರೀಕ್ಷೆ ಆಗಿ ಬೇರೆ ಯಾರಿಗೋ ಹೋಗುತ್ತೆ, ನಿಮ್ಮ ತಂದೆಗೆ ಹೋದದ್ದು ಮೊದಲೇ ಪರೀಕ್ಷೆ ಆಗಿ ಇಟ್ಟಿದ್ದು. ಆ ಪರೀಕ್ಷೆಯ ಖರ್ಚು ಇದ್ದೇ ಇರುತ್ತೆ, ಹಾಗಾಗಿ ದಾನಿ ಕೊಟ್ಟರೂ ಶುಲ್ಕ ಬರುತ್ತೆ. ಆದರೆ ದಾನಿ ತಂದರೇ ರಕ್ತ ಕೊಡ್ತೀವಿ ಅಂತ ಪಟ್ಟು ಹಿಡಿಯೋದು ತಪ್ಪು. ಕರುಳು ಬಾಯಿಗೆ ಬಂದ ಹೊತ್ತಿನಲ್ಲಿ ನಾಲ್ಕು ಜನರನ್ನ ಹೊಂದಿಸು ಅನ್ನಬಾರದು.

ವಿದ್ಯಾನಗರ ಕಾಕಾ
ಗಾಡಿ ಬಾಡಿಗಿ ಕ್ಲೇಮಿಗೆ ಬರೂದಿಲ್ಲ ಮಲ್ಲು, ಹಾಕಲೂ ಬ್ಯಾಡ. ದಾನಿಯ ತಪಾಸಣೆ ಅಂತ ಬ್ಯಾರೆ ಬಿಲ್ ಕೊಟ್ಟಿದ್ರ ಅದನ್ನೂ ಹಾಕಬ್ಯಾಡ, ಅದು ಹಿಂದಿನಿಂದ ಕೊಡದ ವೆಚ್ಚದ ಪಟ್ಟಿಯೊಳಗ ಬಂದದ್ದು. ದಾನಿಯ ಗುಂಪು, ಕ್ರಾಸ್‌ಮ್ಯಾಚ್ ಖರ್ಚನ್ನ ರಕ್ತದ ಶುಲ್ಕದೊಳಗ ಸೇರಿದ್ದು ಅಂತಾನೇ ನೋಡ್ತಿದ್ರು. ನಿಮ್ಮ ಕ್ಯಾಶ್‌ಲೆಸ್ ಕಟ್ ಆದ ಪಟ್ಟಿಯೊಳಗ ರಕ್ತದ್ದು ಏನಾರ ಐತೇನು?

ರೋಣದ ಮಲ್ಲು
"ರಕ್ತ ಕಾಯ್ದಿರಿಸಿದ ಶುಲ್ಕ 1,000" ಅಂತ ಕಟ್ ಆಗೇತ್ರಿ. ಅದನ್ನ ಆಸ್ಪತ್ರೆಯವ್ರು ಡಿಸ್ಚಾರ್ಜ್ ದಿನ ನಮ್ಮ ಕಡೆಯಿಂದ ತಗೊಂಡ್ರು. "ರಕ್ತ ಏರಿಸಿದ ಶುಲ್ಕ" 2,400 ಮಾತ್ರ ಪಾಸ್ ಆತು.

ವಿದ್ಯಾನಗರ ಕಾಕಾ
ಇದನ್ನ ಎಲ್ಲಾರೂ ನೋಡ್ರಿ. ರಕ್ತ ಕಾಯ್ದಿರಿಸೋ ಶುಲ್ಕ ವಿಮಾ ನಿಯಂತ್ರಕ ಐಆರ್‌ಡಿಎಐ ಪಟ್ಟಿಯೊಳಗ ಚಿಕಿತ್ಸೆಯ ವೆಚ್ಚದಾಗ ಸೇರಿಹೋಗಬೇಕಾದ ಬಾಬತ್ತು. ಅಂದ್ರ ಅದನ್ನ ಬ್ಯಾರೆ ಸಾಲಾಗಿ ಬಿಲ್ ಮಾಡಬಾರದು. ಆಸ್ಪತ್ರೆ ಬ್ಯಾರೆ ತೋರಿಸಿತು, ವಿಮೆಯವ್ರು ಕಟ್ ಮಾಡಿದ್ರು, ಹೊರೆ ನಿಮ್ಮ ತಲಿಗೆ ಬಂತು. ಇದರಾಗ ನೀವು ಕೇಳ್ಬೇಕಾದ್ದು ವಿಮೆಯವ್ರನ್ನಲ್ಲ, ಆಸ್ಪತ್ರೆ ಬಿಲ್ಲಿಂಗ್ ಕೌಂಟರಿನವ್ರನ್ನ. ಅದೂ ಅವರಲ್ಲಿ ರಕ್ತನಿಧಿನೇ ಇಲ್ಲ ಅಂದಮ್ಯಾಲ ಕಾಯ್ದಿರಿಸಿದ್ದು ಏನು ಅಂತ ಬರವಣಿಗೆಯಾಗ ಕೇಳ್ರಿ.

ಹೊಸೂರು ಸವಿತಾ
ನಮ್ಮ ಮಾವನವರಿಗೆ ಸೊಂಟದ ಆಪರೇಷನ್ ಆದಾಗ ಮೂರು ಚೀಲ ಕೊಟ್ಟರು. ನಾವು ಪಾಲಿಸಿಯ ಮಿತಿಗಿಂತ ದೊಡ್ಡ ರೂಮ್ ತಗೊಂಡಿದ್ವಿ. ಅದಕ್ಕೆ ಅಂತ ಡಾಕ್ಟರ್ ಫೀ ಜೊತೆಗೆ ರಕ್ತದ ದುಡ್ಡನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡಿದ್ದಾರೆ. ಇದು ಸರೀನಾ?

ವಿದ್ಯಾನಗರ ಕಾಕಾ
ನನ್ನ ಪ್ರಕಾರ ಸರಿ ಅಲ್ಲವ್ವಾ. ರೂಮಿನ ದರ್ಜೆ ಮ್ಯಾಲ ದರ ಬದಲಾಗೋ ವೆಚ್ಚಕ್ಕ ಅಷ್ಟ ಆ ಕಡಿತ ಹಾಕಬೇಕು. ರಕ್ತದ ಸಂಸ್ಕರಣಾ ಶುಲ್ಕ ಜನರಲ್ ವಾರ್ಡಿಗೂ ಅಷ್ಟ, ಡೀಲಕ್ಸ್ ರೂಮಿಗೂ ಅಷ್ಟ. ಆಸ್ಪತ್ರೆಯಿಂದ "ಈ ಶುಲ್ಕ ರೂಮಿನ ದರ್ಜೆ ಮ್ಯಾಲ ಬದಲಾಗೂದಿಲ್ಲ" ಅಂತ ಒಂದು ಸಾಲು ಬರಸ್ಕೊಂಡು ಕಳಿಸು. ಆದ್ರ ಕೆಲವು ಕಂಪನಿಯವ್ರು ಔಷಧ, ಇಂಪ್ಲಾಂಟ್, ಪರೀಕ್ಷೆ ಹೆಸರು ಹೇಳಿ ಬಿಟ್ಟಾರ, ರಕ್ತದ ಹೆಸರು ಹೇಳಿಲ್ಲ ಅಂತ ಜಗ್ಗಾಡ್ತಾರ.

ಧಾರವಾಡ ಲ್ಯಾಬಿನ ಅಕ್ಕ
ಮೂರನೇ ರಸೀದಿ ಬಗ್ಗೆ ನನ್ನ ಮಾತು. ಆ ಎರಡು ಪ್ಲಾಸ್ಮಾವನ್ನ ಡಾಕ್ಟರ್ ಕೇಳಿದ್ದಕ್ಕೇ ಕರಗಿಸಿದ್ದು. ಪ್ಲಾಸ್ಮಾ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತೆ, 37 ಡಿಗ್ರಿಯ ನೀರಿನಲ್ಲಿ ಅರ್ಧ ತಾಸು ಇಟ್ಟಾಗ ತೆಳು ಜೇನಿನ ಬಣ್ಣಕ್ಕೆ ಬರುತ್ತೆ. ಒಮ್ಮೆ ಕರಗಿಸಿದರೆ ಮತ್ತೆ ಗಟ್ಟಿ ಮಾಡೋ ಹಾಗಿಲ್ಲ, ಫ್ರಿಜ್ಜಿನಲ್ಲಿ 24 ತಾಸಿನೊಳಗೆ ಬಳಸಬೇಕು. ನಾವು ವಾಪಸ್ ತಗೊಳ್ಳಲ್ಲ. ತಪ್ಪು ಮನೆಯವರದೂ ಅಲ್ಲ, ಡಾಕ್ಟರದೂ ಅಲ್ಲ. ಐಎನ್‌ಆರ್ 7.4 ಇದ್ದು ರಕ್ತ ಹೋಗ್ತಾ ಇರೋ ರೋಗಿಗೆ ಮುಂದಿನ ಪ್ಲಾಸ್ಮಾ ತಯಾರಿಡದೆ ಯಾರು ಕೂರ್ತಾರೆ? ಹಾಗಾಗಿ ಆ 800 ಕೂಡ ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ.

ವಿದ್ಯಾನಗರ ಕಾಕಾ
ಅಕ್ಕಾರ, ನಿಮ್ಮ ನ್ಯಾಯ ಒಪ್ತೀನಿ, ಆದ್ರ ಕ್ಲೇಮ್ ಟೇಬಲ್ ಮ್ಯಾಲ ಅದು ನಿಲ್ಲೂದಿಲ್ಲ. ಮೈಯಾಗ ಹೋಗದ ಚೀಲಕ್ಕ ಚಿಕಿತ್ಸೆಯ ವೆಚ್ಚ ಅನ್ನೋಕ ಟಿಪ್ಪಣಿ ಇಲ್ಲ. ನಾನು ಕುರ್ಚಿಯೊಳಗ ಇದ್ದಾಗ ಇಂಥದ್ದನ್ನ ಕಟ್ ಮಾಡೀನಿ.

ಧಾರವಾಡ ಲ್ಯಾಬಿನ ಅಕ್ಕ
ಟಿಪ್ಪಣಿ ಇದ್ದರೆ? "ಕರಗಿಸಿ ತರಿಸಲಾಯಿತು, ಐಎನ್‌ಆರ್ ಇಳಿದ ಕಾರಣ ಕೊಡಲಿಲ್ಲ, ಮರಳಿ ಬಳಸಲು ಬಾರದು" ಅಂತ ಕೇಸ್ ಶೀಟಿನಲ್ಲಿ ಡಾಕ್ಟರ್ ಬರೆದಿದ್ದರೆ?

ವಿದ್ಯಾನಗರ ಕಾಕಾ
ಹಂಗ ಬರದಿಟ್ಟಿದ್ರ ಪ್ರಯತ್ನ ಮಾಡಬಹುದು. ಆದ್ರ ಈ 800ಕ್ಕಾಗಿ ಉಳಿದ 7,800 ತಡ ಆಗಬಾರದು. ಮಲ್ಲು, ಎರಡನ್ನೂ ಬ್ಯಾರೆ ಸಾಲಿನಾಗ ತೋರಿಸು. ಕೊಟ್ಟದ್ದು ನಾಕು ಕೆಂಪು ರಕ್ತ, ನಾಕು ಪ್ಲಾಸ್ಮಾ: 7,800. ಕರಗಿಸಿ ಕೊಡದೇ ಉಳಿದದ್ದು ಎರಡು ಪ್ಲಾಸ್ಮಾ: 800. ಮುಚ್ಚಿಟ್ಟು ಎಲ್ಲಾ ಕೊಟ್ಟದ್ದು ಅಂತ ತೋರಿಸಿದ್ರ, ಕೇಸ್ ಶೀಟ್ ತಾಳೆ ಆಗೂದಿಲ್ಲ, ಇಡೀ ಕ್ಲೇಮ್ ಮ್ಯಾಲ ಅನುಮಾನ ಬರ್ತದ.

ಕೇಸ್ ಶೀಟಿನ ಪ್ರತಿ ಆಸ್ಪತ್ರೆಯ ದಾಖಲೆ ವಿಭಾಗದಾಗ ಬರದು ಕೇಳು. ವೈದ್ಯಕೀಯ ಮಂಡಳಿಯ 2002ರ ನಿಯಮದಂಗ 72 ತಾಸಿನೊಳಗ ಕೊಡಬೇಕು. ಆರೋಗ್ಯ ಸಂಜೀವನಿಯೊಳಗ ಡಿಸ್ಚಾರ್ಜ್ ಆದ 30 ದಿನದೊಳಗ ಕಾಗದ ಕೊಡಬೇಕು ಅಂತೈತಿ, ನಿನ್ನ ಪಾಲಿಸಿಯೊಳಗೂ ನೋಡ್ಕೋ. ನಿನಗ ಹನ್ನೆರಡು ದಿನ ಅದಾವು ಅಂತ ಹಿಡಿ.

ರೋಣದ ಮಲ್ಲು
ನಾಳೆ ಮುಂಜಾನೆ ಗದಗ ಗಾಡಿ ಹಿಡಿದು ಹೊಂಟೀನ್ರಿ. ರಕ್ತನಿಧಿ ಮೊದಲು, ಆಮ್ಯಾಲ ಆಸ್ಪತ್ರೆ.

ರೋಣದ ಮಲ್ಲು
*(ಆರು ದಿನದ ನಂತರ)*
ಹೋಗಿ ಬಂದ್ನಿ. ರಕ್ತನಿಧಿಯ ಡಾಕ್ಟರಮ್ಮ ರಿಜಿಸ್ಟರ್ ತಗದು ನೋಡಿದ್ರು. ಅಪ್ಪನ ಹೆಸರು, ಆಸ್ಪತ್ರೆ ಹೆಸರು, ಎರಡು ಚೀಲದ ನಂಬರ್, ಕೊಟ್ಟ ಹೊತ್ತು ಎಲ್ಲಾ ಇತ್ತು. ಹಳೇ ರಸೀದಿ ರದ್ದು ಮಾಡಿ ಹೊಸದು ಕೊಟ್ರು, "ಸಂಸ್ಕರಣಾ ಶುಲ್ಕ 2 × 1,550", ಕೆಳಗ ಹಳೇ ರಸೀದಿ ನಂಬರ್ ಬರದು ಸಹಿ ಹಾಕ್ಯಾರ.

ಆಸ್ಪತ್ರೆಯೊಳಗ ಪ್ರತಿ ಕೊಡಾಕ ಮೊದಲ ದಿನ ಆಗೂದಿಲ್ಲ ಅಂದ್ರು. 72 ತಾಸಿನ ನಿಯಮ ಬರದ ಅರ್ಜಿಗೆ ಸ್ವೀಕೃತಿ ಸಹಿ ಕೇಳಿದ್ದಕ್ಕ ಮೂರನೇ ದಿನ ಕೊಟ್ರು. ಕೇಸ್ ಶೀಟ್ ಬಿಚ್ಚಿದ್ರ ಸಿಸ್ಟರ್ ಪ್ರತಿ ಚೀಲದ ಚೀಟಿ ಹರಿದು ಹಾಳಿಗೆ ಅಂಟಿಸ್ಯಾರ, ಪಕ್ಕಕ್ಕ ಶುರು ಮಾಡಿದ ಹೊತ್ತು, ಮುಗಿದ ಹೊತ್ತು, ನಾಡಿ, ಬಿಪಿ. ಎಂಟು ಚೀಟಿ ಅದಾವು. ನಮ್ಮ ರಸೀದಿ ಪಕ್ಕ ಇಟ್ಟು ಒಂದೊಂದು ನಂಬರ್ ತಮ್ಮ ಓದಿದ, ನಾನು ಟಿಕ್ ಹಾಕಿದ್ನಿ. ಎಂಟೂ ಕೂಡಿದ್ವು. ಹಿಮೋಗ್ಲೋಬಿನ್ 5.8 ಇದ್ದದ್ದು ಡಿಸ್ಚಾರ್ಜ್ ದಿನ 9.1 ಆಗಿತ್ತು.

ಆ ಎರಡು ಪ್ಲಾಸ್ಮಾ ಬಗ್ಗೆ ಡಾಕ್ಟರ್ "ಹೋಲ್ಡ್" ಅಂತ ಒಂದೇ ಪದ ಬರದಾರ.

ಧಾರವಾಡ ಲ್ಯಾಬಿನ ಅಕ್ಕ
ಚೀಲಕ್ಕೆ ಹೆಚ್ಚುಕಡಿಮೆ ಒಂದು ಗ್ರಾಂ ಏರುತ್ತೆ. ನಾಲ್ಕು ಚೀಲಕ್ಕೆ 3.3 ಏರಿದೆ, ನಡುವೆ ರಕ್ತ ಹೋಗ್ತಾ ಇದ್ದವರಿಗೆ ಸರಿಯಾದ ಲೆಕ್ಕ. ಕ್ಲೇಮ್ ಡಾಕ್ಟರ್ ಅದನ್ನೂ ನೋಡ್ತಾರೆ, ಎರಡೂ ವರದಿ ಜೊತೆಗಿಡಿ. ಇನ್ನು "ಹೋಲ್ಡ್" ಒಂದು ಪದ ಸಾಲದು, ಕರಗಿಸಿದ ವಿಚಾರವನ್ನ ಆ ಡಾಕ್ಟರ್ ಹತ್ತಿರ ಒಂದು ಪ್ರಮಾಣಪತ್ರದಲ್ಲಿ ಬರೆಸಿಕೊಳ್ಳಿ.

ರೋಣದ ಮಲ್ಲು
*(ಮೂರು ವಾರದ ನಂತರ)*
7,800 ಅಪ್ಪನ ಖಾತೆಗೆ ಬಂತ್ರಿ. 800ಕ್ಕ "ವರ್ಗಾವಣೆ ಆಗಿಲ್ಲ" ಅಂತ ಬರದಾರ. ಡಾಕ್ಟರ್ ಪ್ರಮಾಣಪತ್ರ ಕೊಟ್ಟಾರ, ಕಂಪನಿಯ ದೂರು ವಿಭಾಗಕ್ಕ ನಿನ್ನೆ ಕಳಿಸೀನಿ. ಒಂದು ತಿಂಗಳ ಉತ್ತರ ಬರ್ಲಿಲ್ಲ ಅಂದ್ರ, ಇಲ್ಲಾ ಆಗೂದಿಲ್ಲ ಅಂದ್ರ, ವಿಮೆ ತಕರಾರು ಕೇಳೋ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೀತೀನಿ. ಅದಕ್ಕ ಶುಲ್ಕ ಇಲ್ಲ ಅಂತ ಕಾಕಾ ಫೋನಿನಾಗ ಹೇಳ್ಯಾರ. ಕಾಯ್ದಿರಿಸಿದ 1,000 ರೂಪಾಯಿಗೆ ಆಸ್ಪತ್ರೆಯಿಂದ ಇನ್ನೂ ಉತ್ತರ ಇಲ್ಲ.

ವಿದ್ಯಾನಗರ ಕಾಕಾ
800ರದ್ದು ಏನಾತು ಅಂತ ಇಲ್ಲೇ ಬರೀ ಮಲ್ಲು. ನನ್ನ ಮಾತು ಸುಳ್ಳಾದ್ರ ನನಗ ಸಂತೋಷನ.